ಟಿವಿ ನೋಡದಿರುವಾಗ ಪರದೆ ಮೇಲೆ ಮನೆಯವರ ಫೋಟೊ: ಹೊಂದಿಸುವುದು ಹೇಗೆ?

ಟಿವಿ ಆನ್ ಆಗಿದೆ, ಯಾರೂ ನೋಡುತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಪರದೆ ಮೇಲೆ ಯಾವುದೋ ಬೆಟ್ಟ, ಯಾವುದೋ ಸಮುದ್ರ ತಾನಾಗಿ ಬರುತ್ತದೆ. ಆ ಜಾಗದಲ್ಲಿ ನಮ್ಮ ಮನೆಯವರ ಫೋಟೊ ಬಂದರೆ ಎಷ್ಟು ಚೆನ್ನ ಅಲ್ವಾ? ಇದಕ್ಕೆ ಹೊಸ ಟಿವಿ ಬೇಕಿಲ್ಲ, ದುಡ್ಡು ಕೊಟ್ಟು ಆ್ಯಪ್ ಹಾಕಿಕೊಳ್ಳುವುದೂ ಬೇಕಿಲ್ಲ. ಬೆಟ್ಟ, ಸಮುದ್ರ ತೋರಿಸುವ ಆ ಸ್ಕ್ರೀನ್ ಸೇವರ್‌ಗೇ ನಿಮ್ಮ ಫೋಟೊಗಳನ್ನು ಕೊಟ್ಟರೆ ಸಾಕು.

ಹೀಗೆ ಹೊಂದಿಸಿದ ಬಹಳ ಜನ ಒಂದೆರಡು ವಾರಕ್ಕೇ ಅದನ್ನು ತೆಗೆದುಬಿಡುತ್ತಾರೆ. ಸೆಟ್ಟಿಂಗ್ ಕಷ್ಟ ಅಂತಲ್ಲ. ತಲೆ ಕತ್ತರಿಸಿದ ಫೋಟೊಗಳು, ಮಸುಕು ಫೋಟೊಗಳು, ನೆಂಟರ ಎದುರಿಗೆ ಬರಬಾರದ ಫೋಟೊಗಳು ಬರತೊಡಗುತ್ತವೆ, ಬೇಸರವಾಗುತ್ತದೆ. ಹಾಗಾಗಿ ರಿಮೋಟ್ ಹಿಡಿಯುವ ಮೊದಲು ಆಲ್ಬಮ್ ಮಾಡಿಕೊಳ್ಳಬೇಕು. ಕೆಲಸದ ಮುಕ್ಕಾಲು ಪಾಲು ಅಲ್ಲೇ ಇರುವುದು. ಅದು ಸರಿಯಾಗಿದ್ದರೆ ಟಿವಿಯಲ್ಲಿ ಮಾಡಬೇಕಾದದ್ದು ಹತ್ತು ನಿಮಿಷದ ಕೆಲಸ.

ನಾನು ಇಲ್ಲಿ ಗೂಗಲ್ ಟಿವಿ ಮತ್ತು ಆಂಡ್ರಾಯ್ಡ್ ಟಿವಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಬೇರೆ ಬೇರೆ ಕಂಪನಿಗಳ ಎಷ್ಟೋ ಟಿವಿಗಳಲ್ಲಿ ಇರುವುದು ಇದೇ. ನಿಮ್ಮದು ಬೇರೆ ಥರದ್ದಾದರೆ ದಾರಿ ಮಾತ್ರ ಬೇರೆ. ಆಪಲ್ ಟಿವಿಯಲ್ಲಿ Settings → Screen Saver ಒಳಗೆ, ಫೈರ್ ಟಿವಿಯಲ್ಲಿ Settings → Display & Sounds → Screensaver ಒಳಗೆ ಇದೇ ಸೌಲಭ್ಯ ಸಿಗುತ್ತದೆ. ಫೈರ್ ಟಿವಿಗೆ ಫೋಟೊಗಳು ಅಮೆಜಾನ್ ಫೋಟೋಸ್‌ನಿಂದ ಬರುತ್ತವೆ. ಸ್ಯಾಮ್‌ಸಂಗ್ 2017ರಿಂದ ಮಾರುತ್ತಿರುವ ಫ್ರೇಮ್ ಟಿವಿಯಲ್ಲಿ ಆರ್ಟ್ ಮೋಡ್ ಅಂತಲೇ ಇದೆ. ಅದಕ್ಕೆ ಫೋನಿನ ಸ್ಮಾರ್ಟ್‌ಥಿಂಗ್ಸ್ ಆ್ಯಪ್‌ನಿಂದ ಫೋಟೊ ಕಳಿಸಬೇಕು. ಯಾವ ಟಿವಿಯಾದರೂ ಫೋಟೊ ಆರಿಸುವುದು, ಕತ್ತರಿಸುವುದು ಒಂದೇ ರೀತಿ. ಆ ಭಾಗವನ್ನು ಎಲ್ಲರೂ ಓದಿ.

ಮೊದಲು ಆಲ್ಬಮ್

ಫೋನಿನಲ್ಲಿ ಗೂಗಲ್ ಫೋಟೋಸ್ ತೆರೆದು ಹೊಸದೊಂದು ಆಲ್ಬಮ್ ಮಾಡಿ. "ಟಿವಿ" ಅಂತ ಹೆಸರಿಡಿ. ಟಿವಿಗೆ ಯಾವ ಗೂಗಲ್ ಖಾತೆ ಹಾಕಿದ್ದೀರೋ ಅದೇ ಖಾತೆಯಲ್ಲಿ ಮಾಡಿ. ಮನೆಯಲ್ಲಿ ಒಬ್ಬರ ಖಾತೆಯಲ್ಲಿ ಆಲ್ಬಮ್, ಇನ್ನೊಬ್ಬರ ಖಾತೆಯಲ್ಲಿ ಟಿವಿ ಇದ್ದರೆ ಆಮೇಲೆ ಆಲ್ಬಮ್ ಕಾಣಿಸುತ್ತಿಲ್ಲ ಅಂತ ಹುಡುಕಾಡಬೇಕಾಗುತ್ತದೆ.

ಗೂಗಲ್ ಫೋಟೋಸ್‌ನಲ್ಲಿ ತಾನಾಗಿ ತುಂಬಿಕೊಳ್ಳುವ ಆಲ್ಬಮ್‌ಗಳೂ ಇವೆ. ಇಂಥವರ ಮುಖ ಕಂಡರೆ ಸೇರಿಸು ಅಂತ ಒಮ್ಮೆ ಹೇಳಿಬಿಟ್ಟರೆ, ಅವರಿರುವ ಹೊಸ ಫೋಟೊಗಳೆಲ್ಲ ತಾವೇ ಬಂದು ಸೇರುತ್ತವೆ. ಅನುಕೂಲವೇನೋ ಹೌದು. ಆದರೆ ಟಿವಿಗೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ. ಮುಖ ಗುರುತಿಸುವ ವ್ಯವಸ್ಥೆಗೆ ಮುಖ ಗೊತ್ತು, ಸಂದರ್ಭ ಗೊತ್ತಿಲ್ಲ. ಆಸ್ಪತ್ರೆ ಹಾಸಿಗೆಯ ಮೇಲೆ ಮಲಗಿರುವ ಅಜ್ಜನ ಫೋಟೊವೂ ಅದಕ್ಕೆ ಅಜ್ಜನ ಫೋಟೊವೇ. ಮಗುವಿನ ಸ್ನಾನದ ಫೋಟೊವೂ ಮಗುವಿನ ಫೋಟೊವೇ. ಫೋನಿನಲ್ಲಿ ಇವು ನಿಮ್ಮ ಕಣ್ಣಿಗೆ ಮಾತ್ರ ಬೀಳುತ್ತವೆ. ಟಿವಿ ಇರುವುದು ಎಲ್ಲರೂ ಬಂದು ಕೂರುವ ಜಾಗದಲ್ಲಿ, ಪರದೆಯೂ ದೊಡ್ಡದು. ಅದಕ್ಕೇ ಒಂದೊಂದನ್ನೂ ನೋಡಿ, ಕೈಯಿಂದಲೇ ಆರಿಸಿ.

ಎಷ್ಟು ಫೋಟೊ ಬೇಕು ಅಂದರೆ, ಶುರುವಿಗೆ ನೂರರ ಆಸುಪಾಸು ಸಾಕು. ಒಂದು ಫೋಟೊ ಒಂದು ನಿಮಿಷ ನಿಂತರೆ ನೂರು ಮುಗಿಯಲು ಒಂದೂ ಮುಕ್ಕಾಲು ಗಂಟೆ ಹತ್ತಿರ ಆಗುತ್ತದೆ. ಅಷ್ಟು ಹೊತ್ತು ಯಾರೂ ಒಂದೇ ಸಮನೆ ನೋಡುತ್ತಾ ಕೂರುವುದಿಲ್ಲ. ಒಂದೇ ಸಮಾರಂಭದ ಐವತ್ತು ಫೋಟೊ ಹಾಕುವ ಬದಲು ಹತ್ತು ಸಂದರ್ಭಗಳಿಂದ ಐದೈದು ಹಾಕಿ.

ಆರಿಸುವಾಗ ಒಂದು ಪರೀಕ್ಷೆ ಮಾಡಿ. ಫೋನನ್ನು ಕೈ ನೀಡಿದಷ್ಟು ದೂರ ಹಿಡಿದು ಫೋಟೊ ನೋಡಿ. ಯಾರು, ಎಲ್ಲಿ, ಏನು ನಡೀತಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆಯೇ? ಗೊತ್ತಾದರೆ ಕೋಣೆಯ ಆ ಕಡೆ ಕೂತವರಿಗೂ ಟಿವಿಯಲ್ಲಿ ಗೊತ್ತಾಗುತ್ತದೆ. ಹಿಂದೆ ತುಂಬ ಗಜಿಬಿಜಿ ಇದ್ದು, ಮುಖ ಸಣ್ಣದಾಗಿ ಎಲ್ಲೋ ಮೂಲೆಯಲ್ಲಿದ್ದರೆ ಬಿಟ್ಟುಬಿಡಿ.

ವಾಟ್ಸ್ಆ್ಯಪ್ ಫೋಟೊ ಮತ್ತು ಹಳೇ ಪ್ರಿಂಟ್

ಮಸುಕಾಗುವ ಫೋಟೊಗಳಲ್ಲಿ ಹೆಚ್ಚಿನವು ಬರುವುದು ವಾಟ್ಸ್ಆ್ಯಪ್‌ನಿಂದ. ಮಾಮೂಲಿಯಾಗಿ ಕಳಿಸಿದರೆ ಅದು ಫೋಟೊವನ್ನು ಕುಗ್ಗಿಸಿ ಉದ್ದನೆಯ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. 4ಕೆ ಟಿವಿಯ ಅಗಲ 3840 ಪಿಕ್ಸೆಲ್. ಅಂದರೆ ಆ ಫೋಟೊವನ್ನು ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿ ತೋರಿಸಬೇಕಾಗುತ್ತದೆ. ಫೋನಿನಲ್ಲಿ ಚೆನ್ನಾಗಿಯೇ ಕಂಡ ಫೋಟೊದಲ್ಲಿ, ಟಿವಿಗೆ ಬಂದಾಗ ಕೂದಲಿನ ಎಳೆಗಳು ಕಲೆಸಿಹೋಗಿರುತ್ತವೆ, ಕೆನ್ನೆ ಮೇಣದ ಹಾಗೆ ನುಣ್ಣಗೆ ಕಾಣುತ್ತದೆ.

ಪರಿಹಾರ ಸುಲಭ. ಫೋಟೊ ತೆಗೆದವರನ್ನೇ ಕೇಳಿ. "ಆ ಫೋಟೊ ಡಾಕ್ಯುಮೆಂಟ್ ಥರ ಕಳಿಸು" ಅಂದರೆ ಸಾಕು, ಕುಗ್ಗದೆ ಮೂಲದ ಹಾಗೇ ಬರುತ್ತದೆ. ಗೂಗಲ್ ಫೋಟೋಸ್ ಲಿಂಕ್ ಕಳಿಸಿದರೂ ಆಯಿತು. ಇದರಿಂದ ಇನ್ನೊಂದು ಲಾಭವಿದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೊದೊಳಗೆ ತೆಗೆದ ದಿನಾಂಕ ಉಳಿಯುವುದಿಲ್ಲ. ಹತ್ತು ವರ್ಷ ಹಳೆಯ ಫೋಟೊವೂ ನಿನ್ನೆ ಬಂದಿದ್ದು ಅಂತಲೇ ಲೆಕ್ಕಕ್ಕೆ ಬಂದು ಆಲ್ಬಮ್‌ನ ಕ್ರಮ ಏರುಪೇರಾಗುತ್ತದೆ. ಮೂಲ ಫೈಲ್ ಸಿಕ್ಕರೆ ಈ ತೊಂದರೆಯೂ ಇಲ್ಲ.

ಕಾಗದದ ಹಳೇ ಫೋಟೊಗಳಿದ್ದರೆ ಅವನ್ನು ಖಂಡಿತ ಸೇರಿಸಿ. ದೊಡ್ಡ ಪರದೆಯಲ್ಲಿ ಎಲ್ಲರೂ ನಿಂತು ನೋಡುವುದು ಅವನ್ನೇ. ಸ್ಕ್ಯಾನರ್ ಇದ್ದರೆ 600 ಡಿಪಿಐ ಇಟ್ಟುಕೊಳ್ಳಿ. ಆರು ಇಂಚು ಅಗಲ, ನಾಲ್ಕು ಇಂಚು ಎತ್ತರದ ಪ್ರಿಂಟ್ ಆಗ 3600×2400 ಪಿಕ್ಸೆಲ್ ಆಗುತ್ತದೆ, ಅಂದರೆ 4ಕೆ ಪರದೆಗೆ ಹೆಚ್ಚುಕಮ್ಮಿ ಸರಿಹೋಗುತ್ತದೆ. 300ಕ್ಕೆ ಇಟ್ಟರೆ ಅದರ ಅರ್ಧ ಮಾತ್ರ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಪ್ರಿಂಟನ್ನು ಮಟ್ಟಸವಾಗಿಟ್ಟು, ಫೋನನ್ನು ಸರಿಯಾಗಿ ಮೇಲಿನಿಂದ ಹಿಡಿದು ತೆಗೆಯಿರಿ. ಫ್ಲ್ಯಾಶ್ ಬೇಡ. ಹೊಳಪು ಕಾಗದದ ಮೇಲೆ ಬೆಳಕಿನ ಮಚ್ಚೆ ಬಿದ್ದರೆ ಕಿಟಕಿಯಿಂದ ಸ್ವಲ್ಪ ತಿರುಗಿಸಿ ನೋಡಿ. ಆಲ್ಬಮ್‌ನ ಪ್ಲಾಸ್ಟಿಕ್ ಹಾಳೆಯೊಳಗಿದ್ದರೆ ಹೊರಗೆ ತೆಗೆದು ಕ್ಲಿಕ್ಕಿಸಿ. ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ, ಬಣ್ಣವೇ ಕಿತ್ತು ಬರಬಹುದು.

ತಲೆ ಕತ್ತರಿಸಿಹೋಗದಂತೆ

ಟಿವಿ ಪರದೆಯ ಅಳತೆ 16:9, ಅಂದರೆ ಅಗಲ ಜಾಸ್ತಿ, ಎತ್ತರ ಕಡಿಮೆ. ಫೋನಿನ ಕ್ಯಾಮೆರಾ ಮಾಮೂಲಾಗಿ ತೆಗೆಯುವುದು 4:3ರಲ್ಲಿ, ಅದು ಹೆಚ್ಚು ಚೌಕಾಕಾರ. ಈ ಫೋಟೊವನ್ನು ಪರದೆ ತುಂಬ ಹರಡಬೇಕಾದರೆ ಮೇಲಿಂದಲೋ ಕೆಳಗಿಂದಲೋ ಸ್ವಲ್ಪ ಹೋಗಲೇಬೇಕು. ಎಷ್ಟು ಹೋಗುತ್ತದೆ? 4000×3000 ಪಿಕ್ಸೆಲ್‌ನ ಫೋಟೊ ತೆಗೆದುಕೊಳ್ಳಿ. 4000 ಅಗಲಕ್ಕೆ 16:9ರ ಎತ್ತರ 2250. ಉಳಿದ 750 ಪಿಕ್ಸೆಲ್ ಹೊರಗೆ. ಎತ್ತರದ ಕಾಲು ಭಾಗವೇ ಹೋಯಿತು.

ಮೂರು ತಲೆಮಾರು ಒಟ್ಟಿಗೆ ನಿಂತ ಒಂದು ಗುಂಪು ಫೋಟೊ ನಿಮ್ಮ ಬಳಿ ಇದೆ ಅಂತಿಟ್ಟುಕೊಳ್ಳಿ. ಹಿಂದಿನ ಸಾಲಿನಲ್ಲಿ ಎತ್ತರದವರು ನಿಂತಿದ್ದಾರೆ, ನಡುವೆ ಕುರ್ಚಿಯಲ್ಲಿ ಹಿರಿಯರು, ಮುಂದೆ ನೆಲದ ಮೇಲೆ ಮಕ್ಕಳು. ಟಿವಿ ಇದನ್ನು ನಟ್ಟನಡುವೆ ಹಿಡಿದು ಕತ್ತರಿಸಿದರೆ ಮೇಲಿಂದ 375, ಕೆಳಗಿಂದ 375 ಪಿಕ್ಸೆಲ್ ಹೋಗುತ್ತದೆ. ಹಿಂದಿನ ಸಾಲಿನವರ ಹಣೆ ಮಾಯ, ಮುಂದಿರುವ ಮಕ್ಕಳ ಕಾಲು ಮಾಯ.

ಇಲ್ಲಿ ಮೂರು ದಾರಿ ಇವೆ. ಮೊದಲನೆಯದು, ಎಲ್ಲಿ ಕತ್ತರಿಸಬೇಕು ಅಂತ ನೀವೇ ನಿರ್ಧರಿಸುವುದು. ಗೂಗಲ್ ಫೋಟೋಸ್‌ನಲ್ಲಿ ಫೋಟೊ ತೆರೆದು ಎಡಿಟ್, ಆಮೇಲೆ ಕ್ರಾಪ್‌ಗೆ ಹೋಗಿ, ಅಳತೆಯನ್ನು 16:9 ಮಾಡಿ. ಈಗ ಚೌಕಟ್ಟನ್ನು ಮೇಲೆ ಕೆಳಗೆ ಸರಿಸಿ ನೋಡಿ. ಹೆಚ್ಚಿನ ಫೋಟೊಗಳಲ್ಲಿ ತಲೆಯ ಮೇಲೆ ಬರೀ ಗೋಡೆಯೋ ಆಕಾಶವೋ ಇರುತ್ತದೆ, ಅಥವಾ ಕೆಳಗೆ ಸುಮ್ನೆ ನೆಲ ಇರುತ್ತದೆ. ಆ ಕಡೆಯಿಂದಲೇ ಪೂರ್ತಿ 750 ತೆಗೆದರೆ ಯಾರಿಗೂ ತೊಂದರೆ ಇಲ್ಲ. ಉಳಿಸುವಾಗ ಪ್ರತಿಯಾಗಿ ಉಳಿಸಿ, ಆ ಪ್ರತಿಯನ್ನು "ಟಿವಿ" ಆಲ್ಬಮ್‌ಗೆ ಹಾಕಿ. ಮೂಲ ಫೋಟೊ ಹಾಗೇ ಇರುತ್ತದೆ.

ಆದರೆ ನಮ್ಮ ಗುಂಪು ಫೋಟೊದಲ್ಲಿ ಮೇಲೂ ಕೆಳಗೂ ಜನರಿದ್ದಾರೆ, ಎಲ್ಲಿಂದ ತೆಗೆದರೂ ಯಾರಾದರೂ ಹೋಗುತ್ತಾರೆ. ಇದಕ್ಕೆ ಎರಡನೆಯ ದಾರಿ. ಕತ್ತರಿಸದೆ, ಎರಡೂ ಪಕ್ಕದಲ್ಲಿ ಖಾಲಿ ಜಾಗ ಬಿಡುವುದು. 4ಕೆ ಪರದೆಯ ಎತ್ತರ 2160. ಆ ಎತ್ತರಕ್ಕೆ ನಮ್ಮ ಫೋಟೊ ಕೂರಿಸಿದರೆ ಅಗಲ 2880 ಆಗುತ್ತದೆ. ಪರದೆಯ 3840ರಲ್ಲಿ ಉಳಿಯುವುದು 960. ಎಡಕ್ಕೆ 480, ಬಲಕ್ಕೆ 480. ಫೋಟೊ ಜೋಡಿಸುವ ಯಾವುದೇ ಆ್ಯಪ್‌ನಲ್ಲಿ 3840×2160ರ ಖಾಲಿ ಹಾಳೆ ಮಾಡಿಕೊಂಡು, ಹಿನ್ನೆಲೆಗೆ ಗಾಢ ಬೂದು ಬಣ್ಣ ಕೊಟ್ಟು, ಫೋಟೊವನ್ನು ನಡುವೆ ಇಡಿ. ಬಿಳಿ ಹಿನ್ನೆಲೆ ಬೇಡ. ರಾತ್ರಿ ಹೊತ್ತು ಆ ಎರಡು ಬಿಳಿ ಪಟ್ಟಿಗಳೇ ಕಣ್ಣಿಗೆ ಹೊಡೆಯುತ್ತವೆ.

ಮೂರನೆಯ ದಾರಿ ಉದ್ದ ಫೋಟೊಗಳಿಗೆ, ಅಂದರೆ ಫೋನನ್ನು ನೆಟ್ಟಗೆ ಹಿಡಿದು ತೆಗೆದವಕ್ಕೆ. ಅಂಥದ್ದು ಒಂದೇ ಬಂದರೆ ಪರದೆಯ ನಡುವೆ 1620 ಪಿಕ್ಸೆಲ್ ಮಾತ್ರ ತುಂಬಿ, ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಉಳಿಯುತ್ತದೆ. ಎರಡನ್ನು ಅಕ್ಕಪಕ್ಕ ಇಟ್ಟರೆ 3240. ಉಳಿದ 600 ಪಿಕ್ಸೆಲ್ಲನ್ನು ಎಡಕ್ಕೆ, ನಡುವೆ, ಬಲಕ್ಕೆ ಇನ್ನೂರಿನ್ನೂರು ಹಂಚಿದರೆ ಚೆಂದದ ಜೋಡಿ ಸಿದ್ಧ. ಗೂಗಲ್ ಟಿವಿ ಹೀಗೆ ತಾನೇ ಜೋಡಿ ಮಾಡಬಲ್ಲದು, ಆ ಸೆಟ್ಟಿಂಗ್ ಮುಂದೆ ಬರುತ್ತದೆ. ಆದರೆ ಯಾವುದರ ಪಕ್ಕ ಯಾವುದು ಅಂತ ಆರಿಸುವುದು ಅದು. ಅಪ್ಪನ ಹತ್ತು ವರ್ಷದ ಫೋಟೊ ಪಕ್ಕ ಮಗನ ಹತ್ತು ವರ್ಷದ ಫೋಟೊವೇ ಬರಬೇಕು ಅಂತಿದ್ದರೆ, ಎರಡನ್ನೂ ನೀವೇ ಒಂದೇ ಹಾಳೆಯಲ್ಲಿ ಜೋಡಿಸಬೇಕು. ಮಾಡಿ ನೋಡಿ, ಇಡೀ ಆಲ್ಬಮ್‌ನಲ್ಲಿ ಜನ ಹೆಚ್ಚು ಮಾತಾಡುವುದು ಇಂಥ ಜೋಡಿಗಳ ಬಗ್ಗೆಯೇ.

ಎಲ್ಲಾ ನೂರನ್ನೂ ಹೀಗೆ ತಿದ್ದುತ್ತಾ ಕೂರಬೇಕಿಲ್ಲ. ಮೊದಲು ಇದ್ದ ಹಾಗೇ ಹಾಕಿ, ಟಿವಿಯಲ್ಲಿ ಒಂದು ಸುತ್ತು ನೋಡಿ, ಕೆಟ್ಟದಾಗಿ ಕಂಡವನ್ನು ಮಾತ್ರ ಗುರುತು ಮಾಡಿಕೊಂಡು ಸರಿಪಡಿಸಿ.

ಟಿವಿಗೆ ಆಲ್ಬಮ್ ತೋರಿಸಿಕೊಡುವುದು

ಫೋನಿನಲ್ಲಿ ಗೂಗಲ್ ಹೋಮ್ ಆ್ಯಪ್ ತೆರೆಯಿರಿ. ಫೋನೂ ಟಿವಿಯೂ ಒಂದೇ ವೈಫೈನಲ್ಲಿರಲಿ, ಆ್ಯಪ್‌ನಲ್ಲಿ ಟಿವಿಯ ಖಾತೆಯೇ ಇರಲಿ. ಪಟ್ಟಿಯಲ್ಲಿ ನಿಮ್ಮ ಟಿವಿಯನ್ನು ತೆರೆದು, ಗೇರ್ ಗುರುತಿನ ಸೆಟ್ಟಿಂಗ್ಸ್ ಒತ್ತಿ, Ambient mode ಒಳಗೆ ಹೋಗಿ. ಅಲ್ಲಿ Google Photos ಆರಿಸಿದರೆ ನಿಮ್ಮ ಆಲ್ಬಮ್‌ಗಳೆಲ್ಲ ಬರುತ್ತವೆ. "ಟಿವಿ" ಆಲ್ಬಮ್‌ಗೆ ಮಾತ್ರ ಗುರುತು ಹಾಕಿ. ಇತ್ತೀಚಿನ ಫೋಟೊಗಳನ್ನು ತಾನೇ ಆರಿಸುವಂಥ ಬೇರೆ ಆಲ್ಬಮ್‌ಗಳಿಗೆ ಗುರುತು ಬಿದ್ದಿದ್ದರೆ ತೆಗೆದುಬಿಡಿ. ಬೇಡದ ಫೋಟೊ ಟಿವಿಗೆ ನುಸುಳುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಅದೇ ಪುಟದಲ್ಲಿ ಕೆಳಗೆ ಇನ್ನೂ ಕೆಲವು ಆಯ್ಕೆಗಳಿವೆ. Personal photo curation ಅನ್ನುವುದು, ಆಲ್ಬಮ್‌ನಿಂದ ಯಾವ ಫೋಟೊ ತೋರಿಸಬೇಕು ಅನ್ನುವುದನ್ನು ಗೂಗಲ್‌ನ ಆಯ್ಕೆಗೆ ಬಿಡಬೇಕೋ ಬೇಡವೋ ಅಂತ ಕೇಳುತ್ತದೆ. ನೀವು ಕೈಯಿಂದ ಆರಿಸಿದ ಆಲ್ಬಮ್‌ನಲ್ಲಿ ಈ ಜರಡಿ ಬೇಕಿಲ್ಲ. ಹಳೇ ಪ್ರಿಂಟ್‌ನ ಫೋಟೊ ಸ್ವಲ್ಪ ಮಸುಕು ಅಂತ ಅದು ಬಿಟ್ಟುಬಿಟ್ಟರೆ ನಮಗೇ ನಷ್ಟ. ಎಲ್ಲಾ ಆಲ್ಬಮ್‌ಗಳಿಗೂ ಅನ್ವಯಿಸದಂತೆ ಬದಲಾಯಿಸಿ. Portrait photos ಎಂಬಲ್ಲಿ ಉದ್ದ ಫೋಟೊಗಳನ್ನು ಜೋಡಿಯಾಗಿ ತೋರಿಸುವ ಆಯ್ಕೆ ಇದೆ. Slideshow speed ಎಂಬಲ್ಲಿ ಒಂದೊಂದು ಫೋಟೊ ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳಬಹುದು. ಹತ್ತು ಸೆಕೆಂಡಿಗೆ ಬದಲಾಗುತ್ತಿದ್ದರೆ ಮಾತಾಡುತ್ತಾ ಕೂತವರ ಕಣ್ಣು ಪದೇ ಪದೇ ಆ ಕಡೆ ಹೋಗುತ್ತದೆ. ಒಂದು ನಿಮಿಷ ಹದವಾದ ಸಮಯ.

ಆಂಡ್ರಾಯ್ಡ್‌ನ ಹಳೆಯ ಟಿವಿಗಳಲ್ಲಿ ಈ ಸೌಲಭ್ಯದ ಹೆಸರು Backdrop ಅಂತ ಇರುತ್ತದೆ. ಹೆಸರು ಬೇರೆಯಾದರೂ ಕೆಲಸ ಇದೇ.

ಅಂತರ್ಜಾಲದಲ್ಲಿ ಹುಡುಕಿದರೆ ಗೂಗಲ್ ಫೋಟೋಸ್ ತೋರಿಸುವ ಬೇರೆಯವರ ಸ್ಕ್ರೀನ್ ಸೇವರ್ ಆ್ಯಪ್‌ಗಳನ್ನು ಹಾಕಿಕೊಳ್ಳಿ ಅನ್ನುವ ಸಲಹೆ ಸಿಗಬಹುದು. ಹಳೆಯ ಸಲಹೆಯಾದರೆ ನಂಬಬೇಡಿ. ಹೊರಗಿನ ಆ್ಯಪ್‌ಗಳು ನಿಮ್ಮ ಇಡೀ ಫೋಟೊ ಸಂಗ್ರಹವನ್ನು ಓದುವ ಅವಕಾಶವನ್ನು ಗೂಗಲ್ 2025ರ ಮಾರ್ಚ್ ಕೊನೆಗೆ ಮುಚ್ಚಿತು. ಆ ದಾರಿಯನ್ನೇ ನೆಚ್ಚಿಕೊಂಡಿದ್ದ ಆ್ಯಪ್‌ಗಳು ಮೊದಲಿನ ಹಾಗೆ ಕೆಲಸ ಮಾಡುವುದಿಲ್ಲ.

ಯಾವಾಗ ಶುರು, ಯಾವಾಗ ಬಂದ್

ಇನ್ನು ರಿಮೋಟ್ ಕೈಗೆತ್ತಿಕೊಳ್ಳಿ. ಗೂಗಲ್ ಟಿವಿಯಲ್ಲಿ Settings → System → Ambient mode, ಆಂಡ್ರಾಯ್ಡ್ ಟಿವಿಯಲ್ಲಿ Settings → Device Preferences → Screen saver. ಮೂಲವಾಗಿ Google Photos ಆಯ್ಕೆಯಾಗಿದೆಯೇ ನೋಡಿ. When to start ಅಂತ ಇದ್ದರೆ, ಎಷ್ಟು ನಿಮಿಷ ರಿಮೋಟ್ ಮುಟ್ಟದಿದ್ದರೆ ಫೋಟೊ ಶುರುವಾಗಬೇಕು ಅನ್ನುವುದು ಅದು. ಐದು ನಿಮಿಷ ಸರಿಯಾಗಿರುತ್ತದೆ. Start now ಇದ್ದರೆ ಒತ್ತಿ, ಕಾಯದೆ ಈಗಲೇ ನೋಡಬಹುದು.

ಹೆಚ್ಚಿನವರು ಮರೆಯುವುದು ಎರಡನೆಯ ಗಡಿಯಾರವನ್ನು. ಫೋಟೊ ಬರಲು ಒಂದು ಸಮಯವಿದ್ದ ಹಾಗೆ ಟಿವಿ ಪೂರ್ತಿ ಮಲಗಲು ಇನ್ನೊಂದು ಸಮಯವಿದೆ. ಗೂಗಲ್ ಟಿವಿಯಲ್ಲಿ ಇದು System ಒಳಗಿನ Power & energy ಎಂಬಲ್ಲಿ, ಆಂಡ್ರಾಯ್ಡ್ ಟಿವಿಯಲ್ಲಿ Screen saver ಒಳಗೇ Put device to sleep ಎಂಬ ಹೆಸರಿನಲ್ಲಿ ಇರುತ್ತದೆ. ಇದು ಹದಿನೈದು ನಿಮಿಷಕ್ಕಿದ್ದರೆ, ಐದನೇ ನಿಮಿಷಕ್ಕೆ ಫೋಟೊ ಬಂದು ಹದಿನೈದನೇ ನಿಮಿಷಕ್ಕೆ ಪರದೆ ಕಪ್ಪಾಗುತ್ತದೆ. "ಫೋಟೊ ಹತ್ತೇ ನಿಮಿಷ ಬಂದು ನಿಂತುಹೋಗುತ್ತೆ, ಟಿವಿ ಕೆಟ್ಟಿದೆ" ಅನ್ನುವವರ ಟಿವಿಯಲ್ಲಿ ನಡೆಯುತ್ತಿರುವುದು ಬಹುಪಾಲು ಇದೇ. ಎರಡು ಗಂಟೆ, ನಾಲ್ಕು ಗಂಟೆ ಹೀಗೆ ನಿಮಗೆ ಬೇಕಾದಷ್ಟಕ್ಕೆ ಏರಿಸಿ. ಟಿವಿ ಕಂಪನಿಯವರದ್ದೇ ಆದ ಆಟೊ ಪವರ್ ಆಫ್ ಬೇರೆ ಇರಬಹುದು, ಅದನ್ನೂ ಒಮ್ಮೆ ನೋಡಿಬಿಡಿ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಟಿವಿಯನ್ನು ಆರಿಸುತ್ತದೆ.

ಆದರೆ ಎಂದಿಗೂ ಆರದಂತೆ ಇಡಬೇಡಿ. ಫೋಟೊ ತೋರಿಸುವಾಗಲೂ ಎಲ್‌ಇಡಿ ಟಿವಿಯ ಹಿಂದಿನ ದೀಪ ಸಿನಿಮಾ ನೋಡುವಾಗಿನಷ್ಟೇ ಉರಿಯುತ್ತಿರುತ್ತದೆ. ನಿಮ್ಮ ಟಿವಿ 100 ವಾಟ್ ತೆಗೆದುಕೊಳ್ಳುತ್ತದೆ ಅಂದುಕೊಂಡರೆ, ಹತ್ತು ಗಂಟೆ ಫೋಟೊ ತೋರಿಸಿದರೆ ಒಂದು ಯೂನಿಟ್ ಕರೆಂಟ್. ಮನೆಯಲ್ಲಿ ಜನ ಓಡಾಡುವ ಹೊತ್ತಿಗೆ ಮಾತ್ರ ಫೋಟೊ ಇರಲಿ.

ಸೆಟ್-ಟಾಪ್ ಬಾಕ್ಸ್ ಇದ್ದವರಿಗೆ

ಎಲ್ಲಾ ಸರಿಯಾಗಿ ಹೊಂದಿಸಿದರೂ ಕೆಲವರಿಗೆ ಫೋಟೊ ಬರುವುದೇ ಇಲ್ಲ. ಅವರು ಟಿವಿಯನ್ನು ನೋಡುವುದು ಸೆಟ್-ಟಾಪ್ ಬಾಕ್ಸ್‌ನಿಂದ, ಎಚ್‌ಡಿಎಂಐ ಮೂಲಕ. ಆಗ ಟಿವಿ ಲೆಕ್ಕದಲ್ಲಿ ಯಾರೋ ಚಾನೆಲ್ ನೋಡುತ್ತಲೇ ಇದ್ದಾರೆ. ಎದುರಿಗೆ ಯಾರೂ ಇಲ್ಲ ಅಂತ ಅದಕ್ಕೆ ಗೊತ್ತಾಗಲು ದಾರಿಯಿಲ್ಲ. ಬಾಕ್ಸನ್ನು ಆರಿಸಿದರೂ ಪ್ರಯೋಜನವಿಲ್ಲ, ಸಿಗ್ನಲ್ ಇಲ್ಲ ಅಂತ ತೋರಿಸಿ ಸ್ವಲ್ಪ ಹೊತ್ತಿಗೆ ಟಿವಿಯೂ ಆರುತ್ತದೆ.

ಮಾಡಬೇಕಾದದ್ದು ಇಷ್ಟೇ. ನೋಡಿ ಮುಗಿದ ಮೇಲೆ ಟಿವಿ ರಿಮೋಟ್‌ನ ಹೋಮ್ ಬಟನ್ ಒತ್ತಿ, ಹಾಗೇ ಬಿಡಿ. ಹೋಮ್ ಪರದೆಯಿಂದ ಐದು ನಿಮಿಷಕ್ಕೆ ಫೋಟೊ ಶುರು. ಬಾಕ್ಸ್‌ನ ರಿಮೋಟ್‌ನಲ್ಲೂ ಹೋಮ್ ಬಟನ್ ಇರುತ್ತದೆ, ಆದರೆ ಅದು ಬಾಕ್ಸ್‌ನ ಮೆನು ತೆರೆಯುತ್ತದೆ. ಒತ್ತಬೇಕಾದದ್ದು ಟಿವಿಯದ್ದು. ಮನೆಯ ಹಿರಿಯರಿಗೆ ಹೇಳಿಕೊಡುವಾಗ ಬಟನ್ ಮೇಲೆ ಬಣ್ಣದ ಸಣ್ಣ ಸ್ಟಿಕ್ಕರ್ ಅಂಟಿಸಿ, "ಇದನ್ನ ಒತ್ತಿ ಬಿಟ್ಬಿಡಿ ಅಜ್ಜಿ, ಫೋಟೊ ಬರುತ್ತೆ" ಅಂದರೆ ಸಾಕಾಗುತ್ತದೆ.

ಬೆಳಕು, ಬಣ್ಣ ಮತ್ತು ಓಎಲ್‌ಇಡಿ

ಟಿವಿ Vivid ಮೋಡ್‌ನಲ್ಲಿದ್ದರೆ ಎಲ್ಲರ ಮುಖವೂ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬಿಳಿ ಅಂಗಿ ನೀಲಿ ಹೊಡೆಯುತ್ತದೆ. ಫೋಟೊ ಪರದೆ ಮೇಲಿರುವಾಗಲೇ ಪಿಕ್ಚರ್ ಸೆಟ್ಟಿಂಗ್ ತೆರೆಯಲು ಬಂದರೆ ತೆರೆಯಿರಿ, ಇಲ್ಲದಿದ್ದರೆ ಹೋಮ್ ಪರದೆಯಲ್ಲಿ ತೆರೆದು Movie ಅಥವಾ Cinema ಆರಿಸಿ. ಮೊದಲ ನೋಟಕ್ಕೆ ಸ್ವಲ್ಪ ಹಳದಿ ಅನ್ನಿಸುತ್ತದೆ. ಎರಡು ದಿನ ಹಾಗೇ ಬಿಡಿ, ಕಣ್ಣು ಹೊಂದಿಕೊಳ್ಳುತ್ತದೆ. ಚರ್ಮದ ಬಣ್ಣ ನಿಜಕ್ಕೆ ಹತ್ತಿರ ಬರುವುದು ಇದರಲ್ಲೇ. ಬ್ರೈಟ್‌ನೆಸ್ಸನ್ನೂ ಇಳಿಸಿ. ಗೋಡೆಯ ಮೇಲಿನ ಚಿತ್ರ ತಾನಾಗಿ ಬೆಳಗುವುದಿಲ್ಲ, ಕೋಣೆಯ ಬೆಳಕಿನಲ್ಲಿ ಕಾಣುತ್ತದೆ. ಟಿವಿಯ ಬೆಳಕು ಕೋಣೆಯ ಬೆಳಕಿಗೆ ಹತ್ತಿರವಾದಷ್ಟೂ ಅದು ಟಿವಿ ಅನ್ನಿಸುವುದು ಕಡಿಮೆ.

ನಿಮ್ಮದು ಓಎಲ್‌ಇಡಿ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಅದರಲ್ಲಿ ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಒಂದೇ ಜಾಗದಲ್ಲಿ ಒಂದೇ ಹೊಳೆಯುವ ಆಕಾರ ತಿಂಗಳುಗಟ್ಟಲೆ ನಿಂತರೆ ಅದರ ಅಚ್ಚು ಪರದೆಯಲ್ಲಿ ಉಳಿದುಬಿಡಬಹುದು. ಬದಲಾಗುತ್ತಿರುವ ಫೋಟೊಗಳಿಂದ ಹೆಚ್ಚು ಭಯವಿಲ್ಲ. ಭಯವಿರುವುದು ಮೂಲೆಯಲ್ಲಿ ಸದಾ ನಿಂತಿರುವ ಗಡಿಯಾರ, ಹವಾಮಾನದ ಅಂಕಿಗಳಿಂದ. ಗೂಗಲ್ ಹೋಮ್‌ನ ಅದೇ Ambient mode ಪುಟದಲ್ಲಿ ಅವನ್ನು ಮರೆಮಾಡಬಹುದು. ಪಕ್ಕದಲ್ಲಿ ಪಟ್ಟಿ ಬಿಟ್ಟ ಫೋಟೊಗಳನ್ನೂ ಆಲ್ಬಮ್‌ನಲ್ಲಿ ಕಡಿಮೆ ಇಡಿ.

ಇಂಟರ್ನೆಟ್ ಇಲ್ಲದ ಟಿವಿಗೆ ಪೆನ್ ಡ್ರೈವ್

ಹಳೇ ಟಿವಿ, ಬರೀ ಯುಎಸ್‌ಬಿ ಕಿಂಡಿ ಇದೆ ಅಂದರೂ ಸ್ಲೈಡ್‌ಶೋ ಮಾಡಬಹುದು. ಪೆನ್ ಡ್ರೈವನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಒಂದೇ ಫೋಲ್ಡರ್‌ನಲ್ಲಿ ಫೋಟೊ ಹಾಕಿ, ಟಿವಿಯ ಫೋಟೊ ಪ್ಲೇಯರ್‌ನಲ್ಲಿ ಸ್ಲೈಡ್‌ಶೋ ಮತ್ತು ರಿಪೀಟ್ ಒತ್ತಿ. ಇದು ತಾನಾಗಿ ಶುರುವಾಗುವುದಿಲ್ಲ, ಪ್ರತಿ ಸಲ ಕೈಯಿಂದಲೇ ಹಚ್ಚಬೇಕು.

ಇಲ್ಲಿ ಫೈಲ್‌ಗಳದ್ದೇ ತಕರಾರು. ಐಫೋನ್ 2017ರಿಂದ ಎಚ್‌ಇಐಸಿ ಎಂಬ ಬಗೆಯಲ್ಲಿ ಫೋಟೊ ಉಳಿಸುತ್ತಿದೆ, ಹಳೇ ಟಿವಿಗಳಿಗೆ ಅದು ತೆರೆಯಲು ಬರುವುದಿಲ್ಲ. ಪ್ರೋಗ್ರೆಸಿವ್ ಬಗೆಯ ಜೆಪೆಗ್ ಆದರೂ ಎಷ್ಟೋ ಟಿವಿಗಳು ಬೆಂಬಲ ಇಲ್ಲ ಅಂದುಬಿಡುತ್ತವೆ. ಇನ್ನು ಕೆಲವದರಲ್ಲಿ ಉದ್ದ ಫೋಟೊ ಅಡ್ಡ ಮಲಗಿರುತ್ತದೆ. ಫೋನು ಫೋಟೊವನ್ನು ತಿರುಗಿಸದೆ, "ತಿರುಗಿಸಿ ತೋರಿಸು" ಅಂತ ಒಳಗೆ ಬರೆದಿಟ್ಟಿರುತ್ತದೆ. ಟಿವಿ ಅದನ್ನು ಓದುವುದಿಲ್ಲ.

ಕಂಪ್ಯೂಟರ್‌ನಲ್ಲಿ ಇಮೇಜ್‌ಮ್ಯಾಜಿಕ್ ಎಂಬ ಫೋಟೊ ತಿದ್ದುವ ತಂತ್ರಾಂಶ ಹಾಕಿಕೊಂಡಿದ್ದರೆ ಜೆಪೆಗ್‌ಗಳ ಈ ತೊಂದರೆಗಳು ಒಂದೇ ಆದೇಶದಲ್ಲಿ ಸರಿಹೋಗುತ್ತವೆ. ಫೋಟೊಗಳ ಫೋಲ್ಡರ್ ಒಳಗೆ tv ಅಂತ ಖಾಲಿ ಫೋಲ್ಡರ್ ಮಾಡಿ, ಆಮೇಲೆ ಫೋಟೊಗಳ ಫೋಲ್ಡರ್‌ನಲ್ಲೇ ಟರ್ಮಿನಲ್ ತೆರೆದು ಇದನ್ನು ಕೊಡಿ:

```
magick mogrify -path tv -auto-orient -resize "3840x2160>" -interlace none -quality 90 *.jpg
```

ಇದು ಫೋಟೊವನ್ನು ನಿಜವಾಗಿ ತಿರುಗಿಸುತ್ತದೆ, ದೊಡ್ಡದಿದ್ದರೆ ಪರದೆಯ ಅಳತೆಯೊಳಗೆ ಕುಗ್ಗಿಸುತ್ತದೆ, ಟಿವಿ ಓದಬಲ್ಲ ಮಾಮೂಲಿ ಜೆಪೆಗ್ ಮಾಡಿ tv ಫೋಲ್ಡರ್‌ನಲ್ಲಿ ಇಡುತ್ತದೆ. -path tv ಅನ್ನುವ ಭಾಗವನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಮೂಲ ಫೋಟೊಗಳ ಮೇಲೆಯೇ ಬರೆದುಬಿಡುತ್ತದೆ.

ಬೇರೆಯವರೂ ಫೋಟೊ ಸೇರಿಸಬಹುದೇ?

ಗೂಗಲ್ ಫೋಟೋಸ್‌ನಲ್ಲಿ "ಟಿವಿ" ಆಲ್ಬಮ್ಮನ್ನು ಅಕ್ಕ, ತಮ್ಮ, ಮಕ್ಕಳ ಜೊತೆ ಹಂಚಿಕೊಳ್ಳಬಹುದು. ಆಲ್ಬಮ್‌ನ ಆಯ್ಕೆಗಳಲ್ಲಿ Collaborate ಆನ್ ಇದ್ದರೆ ಅವರೂ ಫೋಟೊ ಹಾಕಬಹುದು. ದೂರದಲ್ಲಿರುವ ಮಗಳು ಮೊಮ್ಮಗುವಿನ ಫೋಟೊ ಹಾಕಿದರೆ ಇಲ್ಲಿ ಅಜ್ಜ ಅಜ್ಜಿಯ ಟಿವಿಯಲ್ಲಿ ಬರುತ್ತದೆ. ಹೊಸ ಫೋಟೊ ಟಿವಿ ತಲುಪಲು ಸ್ವಲ್ಪ ಹೊತ್ತು ಹಿಡಿಯಬಹುದು. ಬಹಳ ಹೊತ್ತಾದರೂ ಬರದಿದ್ದರೆ ಟಿವಿಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ಹೀಗೆ ಬಿಟ್ಟರೆ ಯಾರು ಏನು ಹಾಕಿದರೂ ಕೇಳದೆ ಪರದೆಗೆ ಬರುತ್ತದೆ ಅನ್ನುವುದು ನೆನಪಿರಲಿ. ಲಿಂಕ್ ದೊಡ್ಡ ಕುಟುಂಬದ ಗುಂಪಿಗೆಲ್ಲ ಹೋದರೆ ಶುಭಾಶಯದ ಚಿತ್ರಗಳೂ ಬಂದು ಸೇರುತ್ತವೆ. ಅದಕ್ಕೆ ಎರಡು ಆಲ್ಬಮ್ ಇಟ್ಟುಕೊಳ್ಳಿ. ಒಂದು ಎಲ್ಲರೂ ಹಾಕುವ ಆಲ್ಬಮ್, ಇನ್ನೊಂದು ಟಿವಿಯದ್ದು. ವಾರಕ್ಕೋ ತಿಂಗಳಿಗೋ ಒಮ್ಮೆ ಮೊದಲನೆಯದರಿಂದ ಒಳ್ಳೆಯವನ್ನು ಆರಿಸಿ ಎರಡನೆಯದಕ್ಕೆ ಹಾಕಿ. ಟಿವಿ ಆಲ್ಬಮ್‌ನ Collaborate ಆಫ್ ಇರಲಿ.